ಎಂಟು ಫಾರ್ಮ್ ತುಂಬೀನಿ, ಅಟೆಂಪ್ಟ್ ಐದೇ ಆಗ್ಯಾವ: ಯುಪಿಎಸ್‌ಸಿ ಲೆಕ್ಕ ನನಗ ತಿಳಿದದ್ದು ಹಿಂಗ

ನಾ ಬೀದರ್‌ದಂವ. ನೌಬಾದ್‌ದಾಗ ಮನಿ, ಅಪ್ಪ ಗಾಂಧಿ ಗಂಜ್‌ನಾಗ ಅಡತಿ ಅಂಗಡ್ಯಾಗ ಲೆಕ್ಕ ಬರೀತಾರ. 2018ರಿಂದ 2025ರತನ ಸಿವಿಲ್ ಸರ್ವಿಸಸ್‌ಗೆ ಎಂಟು ಸಲ ಫಾರ್ಮ್ ತುಂಬೀನಿ. ನನ್ನ ಅಟೆಂಪ್ಟ್ ಎಷ್ಟು ಮುಗದಾವ ಅಂತ ಖರೇ ಗೊತ್ತಾಗಿದ್ದು 2025ರ ಜನವರಿ-ಫೆಬ್ರವರಿದಾಗ. ಅದಕ್ಕಿಂತ ಮೊದ್ಲು ಮೂರು ಮಂದಿ ಮೂರು ಲೆಕ್ಕ ಹೇಳಿದ್ರು, ನಾನೂ ಒಂದು ತಪ್ಪು ಲೆಕ್ಕ ನಂಬಿ ಕುಂತಿದ್ದೆ, ಮತ್ತ ಅದೇ ತಪ್ಪನ್ನ ಇನ್ನೊಬ್ಬ ಹುಡುಗಗ ಹೇಳಿ ಅವನ್ದೂ ಒಂದು ಅಟೆಂಪ್ಟ್ ಕಳ್ದೀನಿ. ಅದು ಈಗೂ ಮನಸಿನ್ಯಾಗ ಚುಚ್ಚತದ, ಅದಕ್ಕ ಎಲ್ಲಾ ಬಿಡಿಸಿ ಬರೀಲತೀನಿ.

ಮೊದ್ಲು ಎಷ್ಟು ಸಲ ಬರೀಬಹುದು ಅನ್ನೋದು. ಜನರಲ್‌ಗೆ ಮತ್ತ ಇಡಬ್ಲ್ಯುಎಸ್‌ಗೆ 6 ಸಲ, ಓಬಿಸಿಗೆ 9, ಎಸ್‌ಸಿ ಎಸ್‌ಟಿಗೆ ವಯಸ್ಸು ಇರೋತನ ಎಷ್ಟು ಸಲ ಬೇಕಾದ್ರೂ. ಅಂಗವಿಕಲರು ಜನರಲ್, ಇಡಬ್ಲ್ಯುಎಸ್ ಅಥವಾ ಓಬಿಸಿ ಇದ್ರ 9. ಇದು ಎಲ್ಲಾರಿಗೂ ಗೊತ್ತಿರ್ತದ, ಆದ್ರ ನಮ್ಮ ಭಾಗದಾಗ ಇಲ್ಲೇ ಒಂದು ದೊಡ್ಡ ಗೊಂದಲ ಅದ. ನಮ್ಮ ಕಾಕಾ ಯಾವಾಗ್ಲೂ "ನಮ್ದು 3ಬಿ ಅದಲ್ಲೋ, ಓಬಿಸಿನೇ ಆಯ್ತು, 9 ಸಲ ಬರಿ" ಅಂತಿದ್ರು. 3ಬಿ ಅನ್ನೋದು ರಾಜ್ಯದ ಪಟ್ಟಿ. ಯುಪಿಎಸ್‌ಸಿಗೆ ಕೇಂದ್ರದ ಓಬಿಸಿ ಪಟ್ಟಿಯೊಳಗ ನಿಮ್ಮ ಜಾತಿ ಹೆಸರು ಇರ್ಬೇಕು, ಮ್ಯಾಲೆ ಕ್ರೀಮಿ ಲೇಯರ್ ಒಳಗ ಬರಬಾರ್ದು. ನಮ್ಮ ಸರ್ಟಿಫಿಕೇಟ್‌ನಾಗ ಇರೋ ಹೆಸರು ಕೇಂದ್ರದ ಪಟ್ಟಿಯೊಳಗ ಇಲ್ಲ, ಹಂಗಾಗಿ ನಾ ಜನರಲ್, 6 ಅಂದ್ರ 6. ರಾಜ್ಯದ ಸರ್ಟಿಫಿಕೇಟ್ ಹಿಡ್ಕೊಂಡು 9 ಅಂತ ನಂಬಿ ಏಳನೇ ಸಲ ಬರೀಲಾಕ ಹೋಗಬ್ಯಾಡ್ರಿ. ನಾಡಕಚೇರಿಗೆ ಹೋದಾಗ ಕೇಂದ್ರ ಸರ್ಕಾರದ ನಮೂನೆ ಓಬಿಸಿ ಸರ್ಟಿಫಿಕೇಟ್ ನಿಮಗ ಸಿಗ್ತದೋ ಇಲ್ಲೋ ಅಂತ ಬಾಯಿ ಬಿಟ್ಟು ಕೇಳ್ರಿ, ಸುಮ್ಮ "ಜಾತಿ ಆದಾಯ" ಅಂದ್ರ ಅವ್ರು ರಾಜ್ಯದ್ದೇ ಕೊಟ್ಟು ಕಳಸ್ತಾರ.

ಈಗ ನನ್ನ ಕಥಿ. 2018ರ ಜೂನ್ 3ಕ್ಕ ಮೊದಲ ಪ್ರಿಲಿಮ್ಸ್, ಹೈದರಾಬಾದ್ ಸೆಂಟರ್. ಬೀದರ್‌ದಿಂದ ಬೆಂಗಳೂರು ಧಾರವಾಡಕ್ಕಿಂತ ಅದೇ ಹತ್ರ, ಜಹೀರಾಬಾದ್ ಮ್ಯಾಲಿಂದ ಬಸ್ ಹಿಡಿದ್ರ ಮೂರೂವರಿ ನಾಕು ತಾಸು. ಎರಡೂ ಪೇಪರ್ ಬರ್ದೆ, ಆಗ್ಲಿಲ್ಲ. 2019ರ ಜೂನ್ 2ಕ್ಕ ಮತ್ತ ಎರಡೂ ಬರ್ದೆ, ಅದೂ ಆಗ್ಲಿಲ್ಲ. ಇವೆರಡರ ಬಗ್ಗೆ ಯಾರಿಗೂ ತಕರಾರಿಲ್ಲ, ಎರಡು ಅಟೆಂಪ್ಟ್.

2020ಕ್ಕ ಫಾರ್ಮ್ ತುಂಬಿದ್ದೆ, ನೂರು ರೂಪಾಯಿ ಕಟ್ಟಿದ್ದೆ, ಅಡ್ಮಿಟ್ ಕಾರ್ಡೂ ಬಂದಿತ್ತು. ಕೊರೋನಾ ಸಲುವಾಗಿ ಪರೀಕ್ಷಾ ಅಕ್ಟೋಬರ್ 4ಕ್ಕ ಹೋಯ್ತು. ಮನ್ಯಾಗ ಅಜ್ಜಿಗೆ ಉಸುರಿನ ತ್ರಾಸು, ಅವ್ವ "ಹೈದರಾಬಾದ್‌ಗೆ ಹೋಗಿ ಮನಿಗೆ ಬ್ಯಾನಿ ತರಬ್ಯಾಡಪ್ಪಾ" ಅಂದ್ಳು. ಹೋಗ್ಲಿಲ್ಲ. ಅವತ್ತು ಮುಂಜಾನಿ ಭಾಳ ಅತ್ತೀನಿ, ಯಾಕಂದ್ರ ಒಂದು ಅಟೆಂಪ್ಟ್ ಸುಮ್ಮನ ಹೋಯ್ತು ಅಂತ ತಿಳ್ಕೊಂಡಿದ್ದೆ. ಆ ದಿನ ಹೋಗಿ ಬರೆದವ್ರ ಪೈಕಿ ಕೊನೇ ಅಟೆಂಪ್ಟ್ ಮುಗಿಸಿಕೊಂಡವ್ರು ಇನ್ನೊಂದು ಅವಕಾಶ ಕೊಡ್ರಿ ಅಂತ ಸುಪ್ರೀಂ ಕೋರ್ಟಿಗೆ ಹೋದ್ರು, 2021ರ ಫೆಬ್ರವರಿ 24ಕ್ಕ ಕೋರ್ಟ್ ಆಗಲ್ಲ ಅಂತು. ಅವರ ತಯಾರಿ ಕೆಟ್ಟಿತ್ತು, ಕೊರೋನಾ ಇತ್ತು, ಎಲ್ಲಾ ಖರೇ, ಆದ್ರ ಹಾಲ್‌ನಾಗ ಕುಂತು ಬರ್ದಿದ್ರು, ಹಂಗಾಗಿ ಲೆಕ್ಕಕ್ಕ ಬಂತು. ಮನ್ಯಾಗ ಕುಂತ ನಂದು ಲೆಕ್ಕಕ್ಕ ಬಂದಿಲ್ಲ. ಇದು ನನಗ ತಿಳೀಲಾಕ ನಾಕು ವರ್ಷ ಹಿಡೀತು.

2021ರ ಅಕ್ಟೋಬರ್ 10ರ ಪ್ರಿಲಿಮ್ಸ್ ಪಾಸಾದೆ. ಜೀವನದಾಗ ಆ ದಿನ ಮರೆಯಲ್ಲ, ಅಪ್ಪ ಗಂಜ್‌ನಾಗ ಎಲ್ಲಾರಿಗೂ ಪೇಡಾ ಹಂಚಿದ್ರು. ಮೇನ್ಸ್ 2022ರ ಜನವರಿ 7ರಿಂದ ಇತ್ತು. ಎಸ್ಸೇ ಬರ್ದೆ, ಜಿಎಸ್ ಬರ್ದೆ, ಮುಂದಿನ ವಾರ ಜ್ವರ ಬಂದು ಲಾಡ್ಜಿನ್ಯಾಗ ಮಲಗಿದಂವ ಮ್ಯಾಲೆ ಏಳಲಿಲ್ಲ, ಉಳಿದ ಪೇಪರ್ ಹೋದ್ವು. ಆಗ ಗೆಳೆಯರು ಎರಡು ಮಾತು ಹೇಳಿದ್ರು. ಒಬ್ಬ ಅಂದ, ಮೇನ್ಸ್ ಪೂರ್ತಿ ಬರ್ದಿಲ್ಲ ಅಂದ್ರ ಅಟೆಂಪ್ಟ್ ಆಗಲ್ಲ ಅಂತ. ಇನ್ನೊಬ್ಬ ಅಂದ, ಪ್ರಿಲಿಮ್ಸ್ ಒಂದು ಮೇನ್ಸ್ ಒಂದು, ಎರಡು ಹೋದ್ವು ಅಂತ. ಎರಡೂ ತಪ್ಪು. ಪ್ರಿಲಿಮ್ಸ್ ಬರದ್ರೇ ಆ ವರ್ಷದ ಅಟೆಂಪ್ಟ್ ಆಗಿಬಿಡ್ತದ. ಮುಂದ ಮೇನ್ಸಿಗೆ ಹೋದ್ರೂ ಬಿಟ್ರೂ, ಇಂಟರ್‌ವ್ಯೂಗೆ ಗೈರಾದ್ರೂ, ಆ ಒಂದು ಒಂದೇ. ಹೆಚ್ಚಾಗಲ್ಲ, ಕಡಿಮಿನೂ ಆಗಲ್ಲ. ನನ್ನ ಮೂರನೇದು ಅಕ್ಟೋಬರ್ 10ರ ಮುಂಜಾನಿನೇ ಮುಗಿದಿತ್ತು, ಜನವರಿ ಜ್ವರಕ್ಕ ಅದಕ್ಕ ಸಂಬಂಧನೇ ಇಲ್ಲ.

ಇನ್ನ 2022. ಎಲ್ಲಾ ಗೊಂದಲದ ಬೇರು ಇದೇ ವರ್ಷ. ಜೂನ್ 5, ಐತವಾರ. ಮುಂಜಾನಿ 9:30ಕ್ಕ ಜಿಎಸ್ ಪೇಪರ್. ನೂರು ಪ್ರಶ್ನೆ, 200 ಮಾರ್ಕ್ಸ್, ಒಂದು ತಪ್ಪಿಗೆ ಆ ಪ್ರಶ್ನೆದ ಮೂರನೇ ಒಂದು ಭಾಗ ಕಟ್. ಹಿಂದಿನ ವರ್ಷ ಪಾಸಾಗಿದ್ದೆ ಅಂತ ಧೈರ್ಯದಾಗ ಹೋಗಿದ್ದೆ, ಪೇಪರ್ ನೋಡಿ ಕೈ ತಣ್ಣಗಾಯ್ತು. 11:30ಕ್ಕ ಹೊರಗ ಬಂದು ಚಾ ಅಂಗಡಿ ಮುಂದ ನಿಂತು ಒಂದೊಂದೇ ಉತ್ತರ ಕೂಡ್ಸಿ ನೋಡ್ದೆ, ಆಗೋದಿಲ್ಲ ಅಂತ ಖಾತ್ರಿ ಆಯ್ತು. ಮಧ್ಯಾಹ್ನ 2:30ಕ್ಕ ಎರಡನೇ ಪೇಪರ್ ಸಿಸ್ಯಾಟ್ ಇತ್ತು. ಜೊತಿಗಿದ್ದ ಗೆಳೆಯ ಅಂದ, "ಎರಡನೇದು ಬರೀಬ್ಯಾಡಲೇ, ಒಂದೇ ಪೇಪರ್ ಬರ್ದ್ರ ಅಟೆಂಪ್ಟ್ ಕೌಂಟ್ ಆಗಲ್ಲ, ಉಳ್ಸಿಕೋ." ನನಗ ಅದು ಭಾಳ ಸರಿ ಅನಸ್ತು. ಎರಡೂ ಬರ್ದ್ರನೇ ಪರೀಕ್ಷಾ, ಅರ್ಧ ಬರ್ದ್ರ ಅದು ಪರೀಕ್ಷಾ ಹೆಂಗ ಆಗ್ತದ ಅಂತ. ಎಂಜಿಬಿಎಸ್ ಬಸ್ ಸ್ಟ್ಯಾಂಡಿಗೆ ಹೋಗಿ ಒಂದು ಗಂಟೆದ ಬಸ್ ಹಿಡ್ದೆ, ಸಿಸ್ಯಾಟ್ ಶುರು ಆಗೋ ಹೊತ್ತಿಗೆ ಜಹೀರಾಬಾದ್ ದಾರಿ ಮ್ಯಾಲೆ ಇದ್ದೆ. ಒಂದು ಅಟೆಂಪ್ಟ್ ಉಳಿಸಿದೆ ಅಂತ ಸಮಾಧಾನದಾಗ ನಿದ್ದಿ ಮಾಡ್ದೆ.

ಉಳಿದಿರಲಿಲ್ಲ. ನೋಟಿಫಿಕೇಶನ್‌ನಾಗ ಸ್ವಚ್ಛ ಅದ: ಪ್ರಿಲಿಮ್ಸ್‌ದ ಯಾವುದರ ಒಂದು ಪೇಪರಿಗೆ ನೀವು ಖರೇ ಹಾಜರಾದ್ರ, ಆ ಪರೀಕ್ಷಾದ ಒಂದು ಅಟೆಂಪ್ಟ್ ಆಯ್ತು ಅಂತ ಹಿಡೀತಾರ. ಯಾವುದರ ಒಂದು. ಮುಂಜಾನಿದೇ ಇರಲಿ ಮಧ್ಯಾಹ್ನದ್ದೇ ಇರಲಿ. ಇದ್ರ ಜೊತಿಗೆ ಇನ್ನೊಂದು ನಿಯಮ ಅದ, ಎರಡೂ ಪೇಪರಿಗೆ ಹಾಜರಾಗದಿದ್ರ ಮೌಲ್ಯಮಾಪನಕ್ಕೇ ತಗೊಳ್ಳಲ್ಲ, ಅನರ್ಹ. ಎರಡು ನಿಯಮ ಒಂದರ ಪಕ್ಕ ಒಂದು ಇಟ್ಟು ನೋಡ್ರಿ. ಅರ್ಧ ದಿನ ಬರೆದವರಿಗೆ ಅಟೆಂಪ್ಟೂ ಹೋಯ್ತು, ಬರೆದ ಪೇಪರೂ ತಿದ್ದಲಿಲ್ಲ. ಎರಡೂ ಕಡಿಯಿಂದ ನಷ್ಟ. ಜಿಎಸ್ ಕೆಟ್ಟಿದ್ರೂ ನಾ ಮಧ್ಯಾಹ್ನ ಹೋಗಿ ಸಿಸ್ಯಾಟ್ ಬರೆದಿದ್ರ ಕನಿಷ್ಠ ಪೇಪರ್ ತಿದ್ತಿದ್ರು, ನನ್ನ ಅಂದಾಜು ಸರಿನೋ ತಪ್ಪೋ ಅಂತರ ಗೊತ್ತಾಗ್ತಿತ್ತು. ಆ ವರ್ಷ ನನಗ ಎಷ್ಟು ಬರ್ತಿತ್ತು ಅನ್ನೋದು ಈಗ ಎಂದೂ ಗೊತ್ತಾಗಲ್ಲ.

2023ರ ಮೇ 28ಕ್ಕ ಎರಡೂ ಬರ್ದೆ, ಸ್ವಲ್ಪದರಾಗ ಹೋಯ್ತು.

2024ರ ಪ್ರಿಲಿಮ್ಸ್ ಜೂನ್ 16ಕ್ಕ ಇತ್ತು, ಆಗ ಅಪ್ಪಗ ಹೈದರಾಬಾದ್‌ದ ಆಸ್ಪತ್ರ್ಯಾಗ ಸ್ಟೆಂಟ್ ಹಾಕ್ಸಿ ಎರಡು ದಿನ ಆಗಿತ್ತು. ಅಡ್ಮಿಟ್ ಕಾರ್ಡ್ ಬ್ಯಾಗಿನ್ಯಾಗೇ ಇತ್ತು, ಸೆಂಟರ್ ಆಸ್ಪತ್ರಿಯಿಂದ ಆರು ಕಿಲೋಮೀಟರ್, ಆದ್ರೂ ಹೋಗ್ಲಿಲ್ಲ. ಮುಂಜಾನಿ 9:10ಕ್ಕ ನಮ್ಮ ಓಣಿ ಹುಡುಗ ಫೋನ್ ಹಚ್ಚಿದ. ನನಗಿಂತ ಐದು ವರ್ಷ ಸಣ್ಣಂವ, ಅವನ್ದು ಇಡಬ್ಲ್ಯುಎಸ್, ಎರಡನೇ ಸಲ ಬರೀತಿದ್ದ. ಆ ವರ್ಷ ಪರೀಕ್ಷಾ ಶುರುವಾಗೋ ಅರ್ಧ ತಾಸು ಮೊದ್ಲೇ, ಅಂದ್ರ 9ಕ್ಕನೇ ಗೇಟ್ ಹಾಕ್ತಿದ್ರು, ಇವ ಹಳೇ ಲೆಕ್ಕದಾಗ ಹತ್ತು ನಿಮಿಷ ಮೊದ್ಲು ಹೋದ್ರ ಸಾಕು ಅಂತ ತಿಳ್ಕೊಂಡು ನಾಕು ನಿಮಿಷ ತಡಾ ಮಾಡಿ ಹೋಗ್ಯಾನ. ಒಳಗ ಬಿಡ್ಲಿಲ್ಲ. ಅಳ್ಕೋತ ಕೇಳ್ದ, "ಅಣ್ಣಾ, ಮುಂಜಾನಿದು ಹೋಯ್ತು, ಮಧ್ಯಾಹ್ನ ಸಿಸ್ಯಾಟಿಗೆ ಹೋಗ್ಲೇನು?" ನಾ ಅಂದೆ, "ಹೋಗು, ಪ್ರಾಕ್ಟೀಸ್ ಆಗ್ತದ, ಒಂದೇ ಪೇಪರಿಗೆ ಅಟೆಂಪ್ಟ್ ಹೋಗಲ್ಲ." ಅವ ಹೋಗಿ ಬರ್ದು ಬಂದ. ಅವತ್ತು ಮುಂಜಾನಿ ಗೇಟಿನ ಹೊರಗ ಉಳ್ದಾಗ ಅವನ ಅಟೆಂಪ್ಟ್ ಇನ್ನೂ ಕೈಯಾಗ ಇತ್ತು, ಅದನ್ನ ಕಳದದ್ದು ನನ್ನ ಮಾತು. ಗೇಟ್ ತಪ್ಪಿದ್ರ ದಯವಿಟ್ಟು ಮಧ್ಯಾಹ್ನ ಹೋಗಬ್ಯಾಡ್ರಿ. ಪ್ರಾಕ್ಟೀಸ್ ಬೇಕಂದ್ರ ಸಂಜಿಕ್ಕ ಪ್ರಶ್ನೆಪತ್ರಿಕೆ ಎಲ್ಲಾ ಕಡೆ ಸಿಗ್ತದ, ಮನ್ಯಾಗ ಕುಂತು ಬರೀರಿ.

2025ರ ನೋಟಿಫಿಕೇಶನ್ ಜನವರಿ 22ಕ್ಕ ಬಂತು. ಫಾರ್ಮ್ ತುಂಬೋ ಮೊದ್ಲು ಒಂದು ಕೋಚಿಂಗ್ ಸೆಂಟರ್‌ದಾಗ ಕೇಳಿದೆ, ಅಲ್ಲಿ ಕೌಂಟರ್‌ನಾಗ ಕುಂತವ್ರು "ಎಷ್ಟು ಸಲ ಅಪ್ಲೈ ಮಾಡೀರಿ? ಏಳು? ಹಂಗಾದ್ರ ಮುಗೀತು, ಕೆಎಎಸ್ ನೋಡ್ಕೊಳ್ರಿ" ಅಂದ್ರು. ಆ ರಾತ್ರಿ ಊಟ ಸೇರಲಿಲ್ಲ. 2022ರ ಗೆಳೆಯಗ ಫೋನ್ ಮಾಡಿದ್ರ "ನಿಂದು ನಾಕೇ ಆಗ್ಯಾವ, ಇನ್ನೂ ಎರಡು ಅವ" ಅಂದ. ಒಬ್ಬರ ಲೆಕ್ಕದಾಗ ಮುಗದದ, ಇನ್ನೊಬ್ಬರ ಲೆಕ್ಕದಾಗ ಎರಡು ಉಳ್ದಾವ. ಎರಡರ ನಡುವೆ ನಾ ಹತ್ತು ದಿನ ಒದ್ದಾಡೀನಿ.

ಬಿಡಿಸಿದವ್ರು ನಮ್ಮ ಊರಿನ ಒಬ್ಬ ಲೆಕ್ಚರರ್, ಈ ಪರೀಕ್ಷಾದ ಹಾಲ್‌ನಾಗ ಇನ್ವಿಜಿಲೇಟರ್ ಕೆಲಸ ಮಾಡಿದವ್ರು. ಅವರ ಮನಿಗೆ ಎಲ್ಲಾ ಅಡ್ಮಿಟ್ ಕಾರ್ಡ್ ತಗೊಂಡು ಹೋದೆ. ಅವ್ರು ಕೇಳಿದ್ದು ಒಂದೇ ಪ್ರಶ್ನೆ, "ಯಾವ್ಯಾವ ವರ್ಷ ಅಟೆಂಡೆನ್ಸ್ ಲಿಸ್ಟ್ ಮ್ಯಾಲೆ ಸೈನ್ ಮಾಡೀಯಪ್ಪಾ?" ಮುಂಜಾನಿ ಒಂದು, ಮಧ್ಯಾಹ್ನ ಒಂದು, ಪ್ರತಿ ಪೇಪರಿಗೂ ಹಾಜರಿ ಬ್ಯಾರೆ ತಗೋತಾರ. ನಿಮ್ಮ ಹೆಸರಿನ ಮುಂದ ಸೈನ್ ಮಾಡಿ, ಉತ್ತರದ ಹಾಳಿ ಕೊಟ್ಟು ಬಂದ್ರಿ ಅಂದ್ರ ನೀವು ಹಾಜರ್. ಎಷ್ಟು ಗುಂಡಿ ತುಂಬಿರಿ, ಪೂರ್ತಿ ಖಾಲಿ ಬಿಟ್ರೇನು, ಅದು ಮಾತೇ ಅಲ್ಲ. ಫಾರ್ಮ್ ತುಂಬಿದ್ದು, ರೊಕ್ಕ ಕಟ್ಟಿದ್ದು, ಅಡ್ಮಿಟ್ ಕಾರ್ಡ್ ಇಳಿಸಿಕೊಂಡದ್ದು ಯಾವುದೂ ಹಾಜರಿ ಅಲ್ಲ.

ಆ ಪ್ರಶ್ನೆ ಹಿಡ್ಕೊಂಡು ಒಂದು ಹಾಳಿ ಮ್ಯಾಲೆ ಬರ್ದ್ವಿ. 2018 ಸೈನ್ ಅದ, ಒಂದು. 2019 ಅದ, ಎರಡು. 2020 ಇಲ್ಲ. 2021 ಅದ, ಮೂರು, ಮೇನ್ಸ್ ಮಾತು ಬಿಡು ಅಂದ್ರು. 2022 ಮುಂಜಾನಿ ಒಂದೇ ಸೈನ್, ಆದ್ರೂ ನಾಕು. 2023 ಐದು. 2024 ಇಲ್ಲ. ಏಳು ಫಾರ್ಮ್, ಐದು ಅಟೆಂಪ್ಟ್, ಉಳಿದದ್ದು ಒಂದು. 2023ರತನ ನಾ ನನ್ನ ಮನಸಿನ್ಯಾಗ ಇಟ್ಕೊಂಡಿದ್ದ ಲೆಕ್ಕದಾಗೂ ಒಂದೇ ಉಳಿದಿತ್ತು ಅನ್ನೋದು ಆಗ ನೆನಪಾಯ್ತು, ಯಾಕಂದ್ರ 2020ದು ಹೋಯ್ತು ಅಂತ ಹಿಡಿದಿದ್ದೆ, 2022ದು ಉಳೀತು ಅಂತ ಹಿಡಿದಿದ್ದೆ. ಎರಡು ತಪ್ಪು ಕೂಡಿ ಉತ್ತರ ಸರಿ ಬಂದಿತ್ತು, ಅದಕ್ಕೇ ಇಷ್ಟು ವರ್ಷ ಸಂಶಯನೇ ಬಂದಿರಲಿಲ್ಲ.

ನಾ ಕೇಳ್ದೆ, "ಸರ್, ಏಳನೇ ಸಲ ಯಾರರ ಫಾರ್ಮ್ ತುಂಬಿದ್ರ ಸಿಸ್ಟಮ್ ತಡಿಯಲ್ಲೇನ್ರಿ? ಅಡ್ಮಿಟ್ ಕಾರ್ಡ್ ಬಂತಂದ್ರ ಅಟೆಂಪ್ಟ್ ಅದ ಅಂತ ತಿಳ್ಕೋಬಹುದಲ್ರಿ?" ಅವ್ರು ನೋಟಿಫಿಕೇಶನ್ ತಗದು ತೋರ್ಸಿದ್ರು. ಎಲ್ಲಾ ಹಂತದಾಗೂ ಪ್ರವೇಶ ತಾತ್ಕಾಲಿಕ. ನೀವು ಅರ್ಹರು ಇದ್ದೀರಿ ಅಂತ ನೀವೇ ಖಾತ್ರಿ ಮಾಡ್ಕೋಬೇಕು, ಅವ್ರು ಮೂಲ ದಾಖಲೆ ಹಿಡಿದು ಪರಿಶೀಲನೆ ಮಾಡೋದು ಮುಂದಿನ ಹಂತದಾಗ. ಅಂದ್ರ ಅಡ್ಮಿಟ್ ಕಾರ್ಡ್ ಬಂದದ ಅಂತ ಬರ್ದು, ಪಾಸಾಗಿ, ಇಂಟರ್‌ವ್ಯೂತನ ಹೋಗಿ, ಅಲ್ಲಿ ಅಟೆಂಪ್ಟ್ ಮುಗಿದಿತ್ತು ಅಂತ ಹೊರಗ ಬೀಳೋದು ಆಗಬಹುದು. 2024ರ ಜುಲೈ 31ಕ್ಕ ಆಯೋಗ ಒಬ್ಬರ ಆಯ್ಕೆ ರದ್ದು ಮಾಡಿ ಮುಂದ ಯಾವ ಪರೀಕ್ಷಾನೂ ಬರೀದಂಗ ಮಾಡಿದ್ದು ಪೇಪರ್‌ನಾಗ ಓದಿರ್ತೀರಿ, ಹೆಸರು ಬದಲಿ ಮಾಡಿ ಮಿತಿಗಿಂತ ಹೆಚ್ಚು ಸಲ ಬರ್ದಾರ ಅಂತನೇ ಆಯೋಗ ಹೇಳಿದ್ದು. ಇನ್ನ ಕ್ಯಾಂಡಿಡೇಚರ್ ರದ್ದಾದ್ರ ಆ ಅಟೆಂಪ್ಟ್ ವಾಪಸ್ ಬರ್ತದ ಅಂತ ಕೆಲವ್ರು ಅಂತಾರ, ಅದೂ ಇಲ್ಲ. ರದ್ದಾದ್ರೂ ಅನರ್ಹ ಆದ್ರೂ ಹಾಲ್‌ನಾಗ ಕುಂತದ್ದು ಲೆಕ್ಕಕ್ಕ ಇದ್ದೇ ಇರ್ತದ.

ಒಂದು ಕೆಲಸ ಈಗ್ಲೇ ಮಾಡ್ರಿ. ಪ್ರತಿ ವರ್ಷದ ಅಡ್ಮಿಟ್ ಕಾರ್ಡ್ ಪಿಡಿಎಫ್ ಒಂದು ಕಡೆ ಇಡ್ರಿ, ಅದರ ಹೆಸರಿನ್ಯಾಗೇ ಎರಡೂ ಹಾಜರ್, ಒಂದು ಹಾಜರ್, ಪೂರ್ತಿ ಗೈರು ಅಂತ ಬರೀರಿ. ಪರೀಕ್ಷಾ ಮುಗಿದ ಮ್ಯಾಲೆ ವೆಬ್‌ಸೈಟ್‌ನಾಗ ಹಳೇದು ಸಿಗಲ್ಲ. ನಂದು 2019ದು ಕಳೆದಿತ್ತು, ಹಳೇ ಜಿಮೇಲ್ ಹುಡುಕಿ ರೋಲ್ ನಂಬರ್ ತಗೀಲಾಕ ಎರಡು ದಿನ ಹಿಡೀತು.

ಫಾರ್ಮ್ ತುಂಬೋದಕ್ಕ ಹೆದ್ರಬ್ಯಾಡ್ರಿ. ಜನರಲ್ ಮತ್ತ ಓಬಿಸಿ ಗಂಡುಹುಡುಗರಿಗೆ ನೂರು ರೂಪಾಯಿ, ಹೆಣ್ಣುಮಕ್ಕಳಿಗೆ, ಎಸ್‌ಸಿ ಎಸ್‌ಟಿಗೆ, ಅಂಗವಿಕಲರಿಗೆ ಅದೂ ಇಲ್ಲ. ಹೋಗೋದು ಬಿಡೋದು ಪರೀಕ್ಷಾ ಮುಂಜಾನಿತನ ನಿಮ್ಮ ಕೈಯಾಗೇ ಇರ್ತದ. ಲಗೂ ತುಂಬ್ರಿ ಅಷ್ಟೇ, ಸೆಂಟರ್ ಮೊದ್ಲು ಬಂದವರಿಗೆ ಮೊದ್ಲು ಅಂತ ಕೊಡ್ತಾರ, ತಡಾ ಆದ್ರ ಹೈದರಾಬಾದ್ ತುಂಬಿಬಿಡ್ತದ. ನಾ ಫೆಬ್ರವರಿ ಮೊದಲ ವಾರದಾಗ ಎಂಟನೇ ಫಾರ್ಮ್ ತುಂಬ್ದೆ.

ಆಮ್ಯಾಲೆ ಬಂದದ್ದು ಖರೇ ಕಷ್ಟದ ಪ್ರಶ್ನೆ. ಉಳಿದ ಒಂದನ್ನ 2025ಕ್ಕ ಬಳಸ್ಲೋ 2026ಕ್ಕ ಇಡ್ಲೋ. ಇಲ್ಲಿ ವಯಸ್ಸು ನೋಡ್ಬೇಕು, ಅದು ಬ್ಯಾರೇನೇ ಬೇಲಿ. ಜನರಲ್‌ಗೆ ಪರೀಕ್ಷಾ ವರ್ಷದ ಆಗಸ್ಟ್ 1ಕ್ಕ 32 ತುಂಬಿರಬಾರ್ದು. ನಾ ಹುಟ್ಟಿದ್ದು 1994ರ ನವೆಂಬರ್. 2026ರ ಆಗಸ್ಟ್ 1ಕ್ಕ ನನಗ 31, ನಡೀತದ. 2027ರ ಆಗಸ್ಟ್ 1ಕ್ಕ 32 ತುಂಬಿರ್ತದ, ನಡೆಯಲ್ಲ. ಅಂದ್ರ 2026 ಬಿಟ್ಟು ಮುಂದ ಇಟ್ಟರ ಉಳಿದ ಅಟೆಂಪ್ಟ್ ಯಾತಕ್ಕೂ ಬರಲ್ಲ, ಹಂಗೇ ಮುಗೀತದ. 2026ರ ಪರೀಕ್ಷಾ ದಿನ ಜ್ವರ ಬಂದ್ರೂ ಮುಗೀತು. ಅಪ್ಪನ ಆಸ್ಪತ್ರಿ ಓಡಾಟದಾಗ ನನ್ನ ಓದು ಎಂಟು ತಿಂಗಳು ನಿಂತಿತ್ತು, ಮಾಕ್ ಟೆಸ್ಟ್‌ನಾಗ ಮಾರ್ಕ್ಸ್ ಏಳ್ತಿರಲಿಲ್ಲ. ಮೇ ಮೊದಲ ವಾರದಾಗ ಅಪ್ಪನ ಮುಂದ ಎಲ್ಲಾ ಹೇಳ್ದೆ. ಅವ್ರು ಸುಮ್ಮನ ಕೇಳಿ, "ಅಡತಿಯೊಳಗ ರೇಟ್ ಇಲ್ಲದ ದಿನ ನಾವು ತೊಗರಿ ತಗೀತೀವೇನು?" ಅಂದ್ರು.

ಮೇ 25ರ ಪ್ರಿಲಿಮ್ಸಿಗೆ ನಾ ಹೋಗ್ಲಿಲ್ಲ. ಮುಂಜಾನಿ ಐದಕ್ಕೇ ಎಚ್ಚರ ಆಗಿತ್ತು, ಎಂಟರತನ ಮಾಳಿಗಿ ಮ್ಯಾಲೆ ಅಡ್ಡಾಡ್ದೆ. ಈ ಸಲ ಬಸ್ ಹತ್ತದೆ ಕುಂತದ್ದಕ್ಕ 2020ರಂಗ ಅಳು ಬರಲಿಲ್ಲ, ಆದ್ರ ಎದಿ ಹೊಡ್ಕೊಳ್ಳೋದು ನಿಲ್ಲಲಿಲ್ಲ. ಓಣಿ ಹುಡುಗ ಹಿಂದಿನ ದಿನನೇ ಹೈದರಾಬಾದ್‌ಗೆ ಹೋಗಿದ್ದ. ಅವನಿಗೆ ಜನವರಿದಾಗೇ ಎಲ್ಲಾ ಹೇಳಿ ಕ್ಷಮಾ ಕೇಳಿದ್ದೆ, ಅವನ ಲೆಕ್ಕ 2023 ಒಂದು, 2024ರ ಆ ಮಧ್ಯಾಹ್ನ ಎರಡು, ಇದು ಮೂರನೇದು. ಎಂಟೂಕಾಲಿಗೆ ಅವನ ಮೆಸೇಜ್ ಬಂತು, "ಅಣ್ಣಾ ಗೇಟ್ ಒಳಗ ಬಂದೀನಿ." ಮಧ್ಯಾಹ್ನ ಒಂದೂವರಿಗೆ ಇನ್ನೊಂದು, "ಜಿಎಸ್ ಭಾಳ ಕಷ್ಟ ಆಯ್ತು, ಆದ್ರೂ ಸಿಸ್ಯಾಟಿಗೆ ಒಳಗ ಹೊಂಟೀನಿ."

ನಾ ಆ ಹಾಳಿ ತಗದು 2025ರ ಮುಂದ ಪೂರ್ತಿ ಗೈರು ಅಂತ ಬರ್ದು, ಅಡ್ಮಿಟ್ ಕಾರ್ಡ್ ಜೊತಿಗೆ ಫೈಲಿನ್ಯಾಗ ಇಟ್ಟೀನಿ. ಅದರ ಮುಂದಿನ ಪ್ರಿಲಿಮ್ಸ್ 2026ರ ಮೇ 24 ಅಂತ ಕ್ಯಾಲೆಂಡರ್‌ನಾಗ ಬಂದಿತ್ತು.